‘ಬಂದದ್ದು ಹಾಗೇ ಹಾಕಿದ್ದೇನೆ’ ಎಂಬ ಪೋಸ್ಟನ್ನು ತಿದ್ದಿ ಬರೆಯುವುದು ಹೇಗೆ?

ಎಲ್ಲಿಂದಲೋ ಬಂದ ಸಂದೇಶವೊಂದು ಉಪಯೋಗಕ್ಕೆ ಬರುವಂಥದ್ದು ಅನ್ನಿಸುತ್ತದೆ. ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಎಂದು ಅದನ್ನು ನಮ್ಮ ಗೋಡೆಯ ಮೇಲೆ ಅಂಟಿಸುತ್ತೇವೆ. ಸ್ವಲ್ಪ ಹೊತ್ತಿಗೆ ಯಾರೋ ಕೆಳಗೆ ಬರೆಯುತ್ತಾರೆ: ‘ಇದು ನಿಜಾನಾ? ಎಲ್ಲಿ ಓದಿದ್ರಿ?’ ಉತ್ತರ ನಮ್ಮಲ್ಲಿರುವುದಿಲ್ಲ. ಆಗ ಹೆಚ್ಚಿನವರು ಪೋಸ್ಟನ್ನು ಸದ್ದಿಲ್ಲದೆ ಅಳಿಸುತ್ತಾರೆ, ಇಲ್ಲವೇ ‘ಬಂದದ್ದು ಹಾಗೇ ಹಾಕಿದ್ದೇನೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಇವೆರಡನ್ನೂ ಬಿಟ್ಟು ಇನ್ನೊಂದು ದಾರಿಯಿದೆ. ಅದೇ ಪೋಸ್ಟನ್ನು ಪರಿಶೀಲಿಸಿ, ಓದಿದವರಿಗೆ ನಿಜಕ್ಕೂ ಉಪಯೋಗವಾಗುವಂತೆ ಹೊಸದಾಗಿ ಬರೆಯಬಹುದು. ಅದನ್ನು ಮಾಡುವುದು ಹೇಗೆ ಎಂಬುದನ್ನು ಒಂದೇ ಒಂದು ಪೋಸ್ಟನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ನೋಡೋಣ.

## ಪೋಸ್ಟ್ ಹೀಗಿದೆ

1999ರ ಸುಮಾರಿಗೆ ಇಂಗ್ಲಿಷ್ ಇಮೇಲ್ ಆಗಿ ಹೊರಟು, ಈಗಲೂ ಹಲವು ಭಾಷೆಗಳಲ್ಲಿ ಸುತ್ತುತ್ತಿರುವ ಸಂದೇಶವೊಂದಿದೆ. ರೂಪಗಳು ಹಲವು, ತಿರುಳು ಒಂದೇ. ಕನ್ನಡದಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

> ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಏನು ಮಾಡುತ್ತೀರಿ? ಪ್ರಜ್ಞೆ ತಪ್ಪುವುದಕ್ಕೆ ನಿಮಗಿರುವುದು ಬರೀ 10 ಸೆಕೆಂಡ್!! ಗಾಬರಿಯಾಗದೆ ದೀರ್ಘವಾಗಿ ಉಸಿರೆಳೆದುಕೊಂಡು ಜೋರಾಗಿ ಕೆಮ್ಮಿ. ಎರಡು ಸೆಕೆಂಡಿಗೊಮ್ಮೆ ಬಿಡದೆ ಹೀಗೇ ಮಾಡುತ್ತಿರಿ. ಕೆಮ್ಮು ಹೃದಯವನ್ನು ಹಿಂಡಿ ರಕ್ತ ಹರಿಯುವಂತೆ ಮಾಡುತ್ತದೆ, ಬಡಿತ ಸರಿಹೋಗುತ್ತದೆ. ಹೀಗೆ ಆಸ್ಪತ್ರೆ ತಲುಪಬಹುದು. ಹೃದ್ರೋಗ ತಜ್ಞರೊಬ್ಬರ ಮಾತು: ಇದನ್ನು ಓದಿದವರು 10 ಜನಕ್ಕೆ ಕಳಿಸಿದರೆ ಒಂದು ಜೀವವಾದರೂ ಉಳಿಯುತ್ತದೆ.

ಇದನ್ನು ಹಂಚಿದವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಾರದು. ಉದ್ದೇಶ ಒಳ್ಳೆಯದಾಗಿರುವುದರಿಂದಲೇ ಇದು ಇಷ್ಟು ವರ್ಷ ಉಳಿದುಕೊಂಡಿದೆ. ಉದಾಹರಣೆಗೆ ಇದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಇದು ಶುದ್ಧ ಕಟ್ಟುಕತೆ ಅಲ್ಲ. ಇದರೊಳಗೆ ನಿಜದ ಒಂದು ಚೂರು ಇದೆ, ತಿದ್ದಿ ಬರೆಯಲು ಕಷ್ಟವಾಗುವುದೂ ಇಂಥವೇ.

## ಮೊದಲು ಬಿಡಿಸಿಕೊಳ್ಳಿ

‘ಇದು ನಿಜವೋ ಸುಳ್ಳೋ’ ಎಂದು ಇಡೀ ಪೋಸ್ಟನ್ನು ಒಟ್ಟಿಗೆ ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಒಂದು ಪೋಸ್ಟಿನಲ್ಲಿ ನಾಲ್ಕೈದು ಹೇಳಿಕೆಗಳು ಹೆಣೆದುಕೊಂಡಿರುತ್ತವೆ. ಅವನ್ನು ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಬೇಕು. ಇಲ್ಲಿ ಸಿಗುವುದು ಇವು: ಹೃದಯಾಘಾತವಾದವರಿಗೆ 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಮ್ಮಿದರೆ ರಕ್ತ ಹರಿಯುತ್ತದೆ. ಕೆಮ್ಮಿದರೆ ಬಡಿತ ಸರಿಹೋಗುತ್ತದೆ. ಕೆಮ್ಮುತ್ತಾ ಆಸ್ಪತ್ರೆ ತಲುಪಬಹುದು. ಇದನ್ನು ಹೃದ್ರೋಗ ತಜ್ಞರೊಬ್ಬರು ಹೇಳಿದ್ದಾರೆ.

ಹೀಗೆ ಬಿಡಿಸಿಟ್ಟ ಕೂಡಲೇ ಕೊನೆಯದರ ಬಣ್ಣ ಬಯಲಾಗುತ್ತದೆ. ಯಾವ ತಜ್ಞರು, ಯಾವ ಊರಿನವರು, ಯಾವಾಗ ಹೇಳಿದರು ಎಂಬುದು ಯಾವುದೂ ಇಲ್ಲ. ಮತ್ತೆ ಅವರು ಹೇಳಿದ್ದಾದರೂ ಏನು? ಕೆಮ್ಮಿನ ಬಗ್ಗೆ ಒಂದು ಮಾತೂ ಇಲ್ಲ, 10 ಜನಕ್ಕೆ ಕಳಿಸಿ ಎಂದಷ್ಟೇ ಇದೆ. ತಜ್ಞರ ಹೆಸರಿನ ಭಾರವೆಲ್ಲ ಹಂಚುವ ಕೆಲಸಕ್ಕೆ ಬಳಕೆಯಾಗಿದೆ.

## ಆ 10 ಸೆಕೆಂಡ್ ಎಲ್ಲಿಂದ ಬಂತು?

ಅಂಕಿಯಿದ್ದರೆ ಅದರಿಂದ ಶುರುಮಾಡುವುದು ಒಳ್ಳೆಯದು, ಅದನ್ನು ಹುಡುಕುವುದು ಸುಲಭ. ಈ 10 ಸೆಕೆಂಡ್ ಸುಳ್ಳು ಲೆಕ್ಕವಲ್ಲ. ಆದರೆ ಅದು ಬೇರೆ ಕಾಯಿಲೆಯ ಲೆಕ್ಕ.

ಹೃದಯಾಘಾತ ಮತ್ತು ಹೃದಯಸ್ತಂಭನ ಎಂಬ ಎರಡು ಪದಗಳನ್ನು ದಿನಬಳಕೆಯಲ್ಲಿ ನಾವು ಒಂದೇ ಎಂಬಂತೆ ಆಡುತ್ತೇವೆ. ಹೃದಯವನ್ನು ಒಂದು ಪಂಪ್ ಅಂದುಕೊಳ್ಳಿ. ದೇಹಕ್ಕೆಲ್ಲ ರಕ್ತ ತಳ್ಳುವ ಈ ಪಂಪಿಗೆ ತನ್ನ ಕೆಲಸಕ್ಕೂ ರಕ್ತ ಬೇಕು, ಅದನ್ನು ತರುವ ಸಣ್ಣ ನಾಳಗಳು ಬೇರೆಯೇ ಇವೆ. ಆ ನಾಳವೊಂದು ಕಟ್ಟಿಕೊಂಡು, ಹೃದಯದ ಒಂದು ಭಾಗದ ಸ್ನಾಯುವಿಗೆ ರಕ್ತ ಸಿಗದೆ ಹೋಗುವುದು ಹೃದಯಾಘಾತ. ಆಗ ಪಂಪ್ ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ರೋಗಿಗೆ ಎಚ್ಚರವಿರುತ್ತದೆ, ಮಾತಾಡಬಲ್ಲರು, ಫೋನ್ ಮಾಡಬಲ್ಲರು. ನೋವು ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಇರಬಹುದು.

ಹೃದಯಸ್ತಂಭನದಲ್ಲಿ ಪಂಪೇ ನಿಲ್ಲುತ್ತದೆ. ಬಡಿತವನ್ನು ನಡೆಸುವ ವಿದ್ಯುತ್ ಸಂಕೇತ ಅಡ್ಡಾದಿಡ್ಡಿಯಾಗಿ, ಹೃದಯ ಸುಮ್ಮನೆ ಅದುರತೊಡಗುವುದು ಇದರ ಸಾಮಾನ್ಯ ರೂಪಗಳಲ್ಲೊಂದು. ಮಿದುಳಿಗೆ ರಕ್ತ ಹೋಗುವುದಿಲ್ಲ, ಸುಮಾರು 10 ಸೆಕೆಂಡಿನೊಳಗೆ ಮನುಷ್ಯ ಕುಸಿಯುತ್ತಾನೆ. ಪೋಸ್ಟಿನ 10 ಸೆಕೆಂಡ್ ಇಲ್ಲಿಗೆ ಸೇರಿದ್ದು.

ಹೃದಯಾಘಾತವು ಹೃದಯಸ್ತಂಭನಕ್ಕೆ ತಿರುಗಬಹುದು, ಅದಕ್ಕೇ ಅದು ತುರ್ತು. ಆದರೆ ಎದೆನೋವು ಶುರುವಾದವರಿಗೆ ‘ನಿಮಗಿರುವುದು 10 ಸೆಕೆಂಡ್’ ಎನ್ನುವುದು ತಪ್ಪು. ಆ ತಪ್ಪಿನಿಂದಾಗುವ ಕೆಡುಕೂ ಸ್ಪಷ್ಟ. ಹತ್ತೇ ಸೆಕೆಂಡ್ ಉಳಿದಿದೆ ಎಂದು ನಂಬಿದವರು ಫೋನಿಗೆ ಕೈ ಹಾಕುವುದಿಲ್ಲ, ಕೆಮ್ಮುತ್ತಾ ಕೂರುತ್ತಾರೆ. ಪೋಸ್ಟನ್ನು ಮತ್ತೊಮ್ಮೆ ಓದಿ ನೋಡಿ. ತುರ್ತು ಸೇವೆಗೆ ಕರೆ ಮಾಡಿ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಅದರ ದೊಡ್ಡ ದೋಷ ಇದೇ, ಕೆಮ್ಮಿನದಲ್ಲ.

## ಮೂಲದವರೆಗೆ ಹೋಗುವುದು

ಇನ್ನು ಕೆಮ್ಮಿನ ವಿಚಾರ. ಇಂಥ ಹೇಳಿಕೆಯನ್ನು ಹುಡುಕುವಾಗ ಪೋಸ್ಟಿನ ವಾಕ್ಯವನ್ನೇ ಹುಡುಕಿದರೆ ಅದೇ ಪೋಸ್ಟಿನ ನೂರು ನಕಲು ಎದುರಾಗುತ್ತವೆ. ನೂರು ಕಡೆ ಇದೆ ಎಂದ ಮಾತ್ರಕ್ಕೆ ನೂರು ಜನ ಪರಿಶೀಲಿಸಿದ್ದಾರೆ ಎಂದಲ್ಲ. ಒಂದೇ ಬಾವಿಯ ನೀರನ್ನು ನೂರು ಕೊಡದಲ್ಲಿ ತುಂಬಿಟ್ಟಂತೆ ಅದು. ಬದಲಿಗೆ, ಆ ವಿಷಯಕ್ಕೆ ಹೊಣೆ ಹೊತ್ತ ಸಂಸ್ಥೆಯ ತಾಣದೊಳಗೆ ಮಾತ್ರ ಹುಡುಕುವುದು ವಾಸಿ. ಕೆಮ್ಮಿ ಬದುಕುವ ಈ ಉಪಾಯಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ‘cough CPR’. ಹುಡುಕು ಪೆಟ್ಟಿಗೆಯಲ್ಲಿ ಹೀಗೆ ಬರೆದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ತಾಣದಲ್ಲಿರುವುದಷ್ಟೇ ಕಾಣುತ್ತದೆ:

```
"cough CPR" site:heart.org
```

ಉದ್ಧರಣ ಚಿಹ್ನೆಯೊಳಗಿಟ್ಟರೆ ಆ ಪದಗಳು ಅದೇ ಕ್ರಮದಲ್ಲಿ ಇರುವ ಪುಟಗಳು ಸಿಗುತ್ತವೆ. `site:` ಎಂಬುದು ಹುಡುಕಾಟವನ್ನು ಒಂದು ತಾಣಕ್ಕೆ ಕಟ್ಟಿಹಾಕುತ್ತದೆ. ಪೋಸ್ಟ್ ಕನ್ನಡದಲ್ಲಿದ್ದರೂ ವಿಷಯದ ಇಂಗ್ಲಿಷ್ ಹೆಸರು ತಿಳಿದುಕೊಂಡು ಹುಡುಕಬೇಕಾಗುವುದು ಇಂಥ ಕಡೆಯೇ.

ಹುಡುಕಿದಾಗ ಎರಡು ಎಳೆ ಸಿಗುತ್ತವೆ. ಮೊದಲನೆಯದು, ಹಳೆಯ ಇಮೇಲಿನಲ್ಲಿ ಅಮೆರಿಕದ ರಾಚೆಸ್ಟರ್ ಜನರಲ್ ಆಸ್ಪತ್ರೆಯ ಹೆಸರಿತ್ತು. ಇಂಥ ಬರಹ ತನ್ನಿಂದ ಹೊರಟದ್ದಕ್ಕೆ ದಾಖಲೆಯಿಲ್ಲ ಎಂದು ಆ ಆಸ್ಪತ್ರೆಯೇ ಹೇಳಿತು. ಪೋಸ್ಟು ಕೈಬದಲಾಗುತ್ತಾ ಆಗುತ್ತಾ ಆಸ್ಪತ್ರೆಯ ಹೆಸರೂ ಉದುರಿ, ‘ತಜ್ಞರೊಬ್ಬರು’ ಮಾತ್ರ ಉಳಿದರು.

ಎರಡನೆಯ ಎಳೆ ಹೆಚ್ಚು ಕುತೂಹಲದ್ದು. 1976ರಲ್ಲಿ ಜೆ. ಮೈಕೆಲ್ ಕ್ರೈಲಿ ಎಂಬ ಹೃದ್ರೋಗ ತಜ್ಞರು ತಮ್ಮ ಸಹೋದ್ಯೋಗಿಗಳೊಂದಿಗೆ ಒಂದು ವರದಿ ಪ್ರಕಟಿಸಿದರು. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಗಳ ಪರೀಕ್ಷೆ ನಡೆಯುತ್ತಿದ್ದಾಗಲೇ ಕೆಲವು ರೋಗಿಗಳ ಹೃದಯ ಅದುರತೊಡಗಿತ್ತು. ಅವರು ಒಂದರಿಂದ ಮೂರು ಸೆಕೆಂಡಿಗೊಮ್ಮೆ ಜೋರಾಗಿ ಕೆಮ್ಮಿ, ಹೆಚ್ಚೆಂದರೆ 39 ಸೆಕೆಂಡುಗಳವರೆಗೆ ಎಚ್ಚರ ಉಳಿಸಿಕೊಂಡಿದ್ದರು. ಜೋರು ಕೆಮ್ಮು ಎದೆಯೊಳಗಿನ ಒತ್ತಡ ಏರಿಸಿ ಒಂದಿಷ್ಟು ರಕ್ತವನ್ನು ಮಿದುಳಿನತ್ತ ತಳ್ಳುತ್ತದೆ. ಪೋಸ್ಟಿನಲ್ಲಿರುವ ನಿಜದ ಚೂರು ಇದು.

ಈಗ ಆ ಕೋಣೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ರೋಗಿ ಪರೀಕ್ಷೆಯ ಮೇಜಿನ ಮೇಲೆ ಮಲಗಿದ್ದಾರೆ. ಎದೆಗೆ ತಂತಿಗಳಿವೆ, ಬಡಿತ ಪರದೆಯ ಮೇಲೆ ಗೆರೆಯಾಗಿ ಓಡುತ್ತಿದೆ. ಗೆರೆ ಕೆಟ್ಟ ಕ್ಷಣವೇ ವೈದ್ಯರಿಗೆ ಗೊತ್ತಾಗುತ್ತದೆ, ರೋಗಿ ಕುಸಿಯುವ ಮೊದಲೇ ಅವರು ಕೆಮ್ಮಲು ಹೇಳಬಹುದು. ವಿದ್ಯುತ್ ಆಘಾತ ಕೊಟ್ಟು ಬಡಿತವನ್ನು ಹಳಿಗೆ ತರುವ ಯಂತ್ರ ಪಕ್ಕದಲ್ಲೇ ಇದೆ. ಕೆಮ್ಮು ಆ ಯಂತ್ರ ಸಜ್ಜಾಗುವವರೆಗಿನ ಕೆಲವು ಸೆಕೆಂಡುಗಳನ್ನು ದಾಟಿಸಿತು. ಬಡಿತ ಸರಿಮಾಡುವುದು ಯಂತ್ರದ ಕೆಲಸವಾಗಿತ್ತು.

ಒಬ್ಬರೇ ಇರುವಾಗ ಪರದೆಯಿಲ್ಲ, ಯಂತ್ರವಿಲ್ಲ, ತಮ್ಮ ಹೃದಯ ಈಗ ಅದುರುತ್ತಿದೆ ಎಂದು ತಿಳಿಯುವ ದಾರಿಯೂ ಇಲ್ಲ. ವರದಿಯ ಸಂದರ್ಭವನ್ನು ಕಿತ್ತುಹಾಕಿ ಕೆಮ್ಮನ್ನಷ್ಟೇ ಉಳಿಸಿಕೊಂಡದ್ದು ಈ ಪೋಸ್ಟ್. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಅನುಮೋದಿಸುವುದಿಲ್ಲ. ಪ್ರಾಣರಕ್ಷಣೆಯ ಕ್ರಮಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಒಕ್ಕೂಟವಾದ ಇಲ್ಕಾರ್ 2020ರಲ್ಲಿ, ಆಸ್ಪತ್ರೆಯ ಹೊರಗಿನ ಹೃದಯಸ್ತಂಭನಕ್ಕೆ ಇದನ್ನು ರೂಢಿಯಾಗಿ ಬಳಸಬಾರದು ಎಂದು ಶಿಫಾರಸು ಮಾಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಇದು ಕೆಲಸ ಮಾಡುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ’ ಎನ್ನುವುದೂ ‘ಕೆಲಸ ಮಾಡುವುದಿಲ್ಲ ಎಂದು ಸಾಬೀತಾಗಿದೆ’ ಎನ್ನುವುದೂ ಒಂದೇ ಅಲ್ಲ. ಮೂಲದಲ್ಲಿ ಯಾವುದಿದೆಯೋ ಅದನ್ನೇ ಬರೆಯಬೇಕು.

## ‘ಅಂತೆ’ ಸೇರಿಸಿದರೆ ಸಾಲದೇ?

ಕನ್ನಡದಲ್ಲಿ ಕೇಳಿದ ಮಾತನ್ನು ಕೇಳಿದ ಮಾತೆಂದೇ ಹೇಳುವ ಸೊಗಸಾದ ಅನುಕೂಲವಿದೆ. ‘ಕೆಮ್ಮಿದರೆ ಸರಿಹೋಗುತ್ತದಂತೆ’ ಎಂದರೆ ಸಾಕು, ಇದು ನಾನು ಕಂಡದ್ದಲ್ಲ, ಇನ್ನೊಬ್ಬರಿಂದ ಕೇಳಿದ್ದು ಎಂದು ತಿಳಿಯುತ್ತದೆ. ಎದುರುಬದುರು ಕೂತು ಮಾತಾಡುವಾಗ ‘ಹೌದಾ, ಯಾರು ಹೇಳಿದ್ದು?’ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ.

ಬರಹಕ್ಕಿಳಿದಾಗ ಆಗುವುದು ಬೇರೆ. ಒಬ್ಬರು ‘ಸರಿಹೋಗುತ್ತದಂತೆ’ ಎಂದು ಬರೆದದ್ದನ್ನು ಮುಂದಿನವರು ತಿದ್ದಿ ‘ಸರಿಹೋಗುತ್ತದೆ’ ಮಾಡುತ್ತಾರೆ, ಬರಹ ಅಚ್ಚುಕಟ್ಟಾಗಿ ಕಾಣಲಿ ಎಂದು. ಅಲ್ಲಿಗೆ ಕೇಳಿದ ಮಾತು ಕಂಡ ಮಾತಾಯಿತು. ಪತ್ರಿಕೆಯ ಧಾಟಿಯಲ್ಲಿ ‘ಸರಿಹೋಗುತ್ತದೆ ಎನ್ನಲಾಗಿದೆ’ ಎಂದು ಬರೆದರೂ ಕಷ್ಟವೇ. ಅಂದವರು ಯಾರು ಎಂಬುದನ್ನು ಆ ಕ್ರಿಯಾಪದ ನುಂಗಿಹಾಕುತ್ತದೆ, ಆದರೆ ಓದಿದವರಿಗೆ ಯಾರೋ ಅಧಿಕಾರವಿದ್ದವರೇ ಹೇಳಿರಬೇಕು ಅನ್ನಿಸುತ್ತದೆ. ಹಾಗಾಗಿ ತಿದ್ದುವಾಗ ನಾನು ಪಾಲಿಸುವ ಕ್ರಮ ಇಷ್ಟು: ‘ಎನ್ನಲಾಗಿದೆ’ ಕಂಡಲ್ಲಿ ಅಂದವರ ಹೆಸರು ಹಾಕಬೇಕು, ಹೆಸರು ಸಿಗದಿದ್ದರೆ ಆ ವಾಕ್ಯವನ್ನೇ ತೆಗೆಯಬೇಕು.

‘ನಿಜವೋ ಅಲ್ಲವೋ ಗೊತ್ತಿಲ್ಲ, ಇರಲಿ ಅಂತ ಹಾಕಿದ್ದೇನೆ’ ಎಂಬ ಸಾಲೂ ಕಾಪಾಡುವುದಿಲ್ಲ. ಎದೆನೋವು ಬಂದ ಹೊತ್ತಿನಲ್ಲಿ ಯಾರಿಗೂ ಆ ಸಾಲು ನೆನಪಾಗುವುದಿಲ್ಲ. ನೆನಪಾಗುವುದು ‘ಕೆಮ್ಮಿ’ ಎಂಬುದೇ.

## ಮೊದಲ ತಿದ್ದುಪಡಿ ಎಡವುವುದು ಎಲ್ಲಿ

ಪರಿಶೀಲಿಸಿ ಮುಗಿಸಿದ ಹುಮ್ಮಸ್ಸಿನಲ್ಲಿ ಬರೆದ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ಸುಳ್ಳುಸುದ್ದಿ! ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಕೆಮ್ಮಿ ಬದುಕಬಹುದು ಎಂಬ ಸಂದೇಶ ನಂಬಬೇಡಿ. ಕೆಮ್ಮಿದರೆ ಪ್ರಾಣವೇ ಹೋಗುತ್ತದೆ. ಬದಲಿಗೆ ಆಸ್ಪಿರಿನ್ ನುಂಗಿ.’

ಇದರಲ್ಲಿ ಮೂರು ತೊಂದರೆಗಳಿವೆ. ಸುಳ್ಳು ಹೇಳಿಕೆಯೇ ಮೊದಲ ಸಾಲಾಗಿದೆ, ಅವಸರದಲ್ಲಿ ಓದುವವರು ನಡುವಿನ ಅಷ್ಟನ್ನೇ ಓದಿ ಮುಂದೆ ಹೋಗುತ್ತಾರೆ. ‘ಕೆಮ್ಮಿದರೆ ಪ್ರಾಣವೇ ಹೋಗುತ್ತದೆ’ ಎಂಬುದಕ್ಕೆ ನಾವು ಓದಿದ ಯಾವ ಮೂಲದಲ್ಲೂ ಆಧಾರವಿಲ್ಲ, ಒಂದು ವದಂತಿಯನ್ನು ಹೊಡೆಯಲು ಇನ್ನೊಂದನ್ನು ಹುಟ್ಟಿಸಿದಂತಾಯಿತು. ಆಸ್ಪಿರಿನ್ ಮಾತೂ ಎಲ್ಲೋ ಕೇಳಿದ್ದೇ. ಹೃದಯಾಘಾತದಲ್ಲಿ ಅದನ್ನು ಅಗಿಯಲು ಹೇಳುವುದುಂಟು, ಆದರೆ ಅದು ಒಗ್ಗದವರಿದ್ದಾರೆ, ರಕ್ತಸ್ರಾವದ ತೊಂದರೆ ಇರುವವರಿದ್ದಾರೆ. ಆ ತೀರ್ಮಾನ ತುರ್ತು ಕರೆಯಲ್ಲಿ ಮಾತಾಡುವವರದ್ದು. ಪೋಸ್ಟಿನಲ್ಲಿ ಇಲ್ಲದಿದ್ದ ಹೊಸ ಸಲಹೆಯನ್ನು ತಿದ್ದುವವರು ಸೇರಿಸಿದರೆ, ಅದನ್ನೂ ಅಷ್ಟೇ ಶ್ರಮಪಟ್ಟು ಪರಿಶೀಲಿಸಬೇಕಾಗುತ್ತದೆ.

## ಹೊಸ ಪೋಸ್ಟ್

ಮೂಲ ಪೋಸ್ಟ್ ಒಂದು ನಿಜವಾದ ಭಯಕ್ಕೆ ಉತ್ತರ ಕೊಡಲು ಹೊರಟಿತ್ತು: ಒಬ್ಬರೇ ಇದ್ದಾಗ ಎದೆನೋವು ಬಂದರೆ ಏನು ಗತಿ? ತಿದ್ದಿದ ಪೋಸ್ಟೂ ಅದೇ ಪ್ರಶ್ನೆಗೆ ಉತ್ತರಿಸಬೇಕು. ಬರೀ ‘ನಂಬಬೇಡಿ’ ಎಂದು ನಿಲ್ಲಿಸಿದರೆ ಭಯ ಅಲ್ಲೇ ಉಳಿಯುತ್ತದೆ, ಆ ಜಾಗಕ್ಕೆ ನಾಳೆ ಇನ್ನೊಂದು ಫಾರ್ವರ್ಡ್ ಬಂದು ಕೂರುತ್ತದೆ.

> ಒಬ್ಬರೇ ಇದ್ದಾಗ ಎದೆಯಲ್ಲಿ ನೋವು ಅಥವಾ ಒತ್ತಿದಂತಾಗಿ ಕೆಲವು ನಿಮಿಷವಾದರೂ ಹೋಗದಿದ್ದರೆ, ಕೂಡಲೇ ತುರ್ತು ಸೇವೆಗೆ ಕರೆ ಮಾಡಿ. ನೋವು ತೋಳು, ದವಡೆ, ಬೆನ್ನಿಗೆ ಹರಡಬಹುದು. ಉಸಿರು ಕಟ್ಟಬಹುದು, ತಣ್ಣನೆಯ ಬೆವರು ಬರಬಹುದು. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಬಾಗಿಲ ಚಿಲಕ ತೆಗೆದಿಟ್ಟು ಕುಳಿತುಕೊಳ್ಳಿ. ಕರೆಯಲ್ಲಿರುವವರು ಹೇಳಿದಂತೆ ಮಾಡಿ.
>
> ಕೆಮ್ಮುವುದು ಇದಕ್ಕೆ ಚಿಕಿತ್ಸೆಯಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನು ಅನುಮೋದಿಸುವುದಿಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತಾಗ ಅದನ್ನು ರೂಢಿಯಾಗಿ ಬಳಸಬಾರದು ಎಂದು ಇಲ್ಕಾರ್ 2020ರಲ್ಲಿ ಹೇಳಿದೆ. ಈ ಮಾತು ಹುಟ್ಟಿದ್ದು 1976ರ ಒಂದು ವರದಿಯಿಂದ. ಅದರಲ್ಲಿದ್ದವರು ಪರೀಕ್ಷೆಗೆಂದು ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದ, ವೈದ್ಯರ ಕಣ್ಣೆದುರೇ ಇದ್ದ ರೋಗಿಗಳು.
>
> ಇದಕ್ಕೆ ಮೊದಲು ಇಲ್ಲಿ ಪರಿಶೀಲಿಸದ ಸಂದೇಶವೊಂದನ್ನು ಹಾಕಿದ್ದೆ. ಅದು ತಪ್ಪಾಗಿತ್ತು, ತೆಗೆದಿದ್ದೇನೆ. ನೀವು ಹಂಚಿದ್ದರೆ ದಯವಿಟ್ಟು ಅಲ್ಲಿಯೂ ತೆಗೆಯಿರಿ.

ಮೊದಲ ಸಾಲನ್ನಷ್ಟೇ ಓದಿದವರಿಗೂ ಮಾಡಬೇಕಾದದ್ದು ಗೊತ್ತಾಗುತ್ತದೆ. ಕೆಮ್ಮಿನ ಮಾತು ಎರಡನೆಯ ಭಾಗದಲ್ಲಿದೆ, ‘ಚಿಕಿತ್ಸೆಯಲ್ಲ’ ಎಂಬುದು ಅದೇ ವಾಕ್ಯದಲ್ಲಿದೆ. ಯಾರಾದರೂ ಆ ಒಂದು ವಾಕ್ಯವನ್ನು ಕತ್ತರಿಸಿ ಹಂಚಿದರೂ ಅರ್ಥ ಕೆಡುವುದಿಲ್ಲ. 10 ಸೆಕೆಂಡಿನ ಪ್ರಸ್ತಾಪವೇ ಇಲ್ಲ; ಹೃದಯಾಘಾತ, ಹೃದಯಸ್ತಂಭನಗಳ ವ್ಯತ್ಯಾಸ ವಿವರಿಸಲು ಇಲ್ಲಿ ಜಾಗವಿಲ್ಲ, ವಿವರಿಸದೆ ಅಂಕಿ ಹೇಳಿದರೆ ಮತ್ತೆ ಗೊಂದಲ. ಹಾಕುವವರು ‘ತುರ್ತು ಸೇವೆ’ ಎಂಬಲ್ಲಿ ತಮ್ಮ ಓದುಗರಿಗೆ ಅನ್ವಯಿಸುವ ಸಂಖ್ಯೆಯನ್ನೇ ಬರೆಯಬೇಕು, ಮತ್ತು ಹಾಕುವ ಮೊದಲು ಅದನ್ನೂ ಸರ್ಕಾರಿ ಪುಟದಲ್ಲಿ ನೋಡಿಕೊಳ್ಳಬೇಕು. ಹಳೆಯ ಸಂದೇಶದ ಸ್ಕ್ರೀನ್‌ಶಾಟ್ ಬೇಡ. ಅದರ ಮೇಲೆ ಕೆಂಪು ಅಡ್ಡಗೆರೆ ಎಳೆದರೂ, ಕತ್ತರಿಸಿದ ಚಿತ್ರದಲ್ಲಿ ಗೆರೆ ಉಳಿಯುತ್ತದೆಂಬ ಖಾತ್ರಿಯಿಲ್ಲ.

## ಹಳೆಯದನ್ನು ಏನು ಮಾಡುವುದು

ಸುಮ್ಮನೆ ಅಳಿಸಿದರೆ ಓದಿ ನಂಬಿದವರಿಗೆ ತಪ್ಪು ತಿಳಿಯುವುದೇ ಇಲ್ಲ. ಅದಕ್ಕಾಗಿಯೇ ಹೊಸ ಪೋಸ್ಟಿನ ಕೊನೆಗೆ ಆ ಮೂರು ವಾಕ್ಯಗಳು. ಅವನ್ನು ಬರೆಯಲು ಸ್ವಲ್ಪ ಮುಜುಗರವಾಗುತ್ತದೆ, ಬರೆಯಲೇಬೇಕು. ಹಳೆಯದನ್ನು ಹಾಕಿದ್ದ ಗುಂಪುಗಳಿಗೆಲ್ಲ ಹೊಸದೂ ಹೋಗಬೇಕು.

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸಂದೇಶವನ್ನು ತಿದ್ದಲು 15 ನಿಮಿಷ ಅವಕಾಶವಿದೆ. ಆದರೆ ಅಷ್ಟರಲ್ಲಿ ಬೇರೆಯವರು ಮುಂದಕ್ಕೆ ಕಳಿಸಿದ್ದರೆ, ಆ ಪ್ರತಿ ಅವರದ್ದು; ನಾವು ತಿದ್ದಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಹೀಗೆ ಐದು ಕೈಗಳನ್ನಾದರೂ ದಾಟಿ ಬಂದ ಸಂದೇಶದ ಮೇಲೆ ಆ ಆ್ಯಪ್ ಎರಡು ಬಾಣದ ಗುರುತು ಹಾಕುತ್ತದೆ. ಸಂದೇಶ ಸುಳ್ಳು ಎಂದು ಆ ಗುರುತು ಹೇಳುವುದಿಲ್ಲ, ಬರೆದವರು ಕಳಿಸಿದವರಿಂದ ಬಹಳ ದೂರದಲ್ಲಿದ್ದಾರೆ ಎಂದಷ್ಟೇ ಹೇಳುತ್ತದೆ. ಯಾರಾದರೂ ಆ ಸಂದೇಶವನ್ನೇ ನಕಲಿಸಿ ಹೊಸದಾಗಿ ಅಂಟಿಸಿದರೆ ಗುರುತೂ ಹೋಗುತ್ತದೆ.

ಎಲ್ಲ ಹೇಳಿಕೆಗೂ ಇಷ್ಟು ಸ್ಪಷ್ಟವಾದ ಮೂಲ ಸಿಗುವುದಿಲ್ಲ. ಈಗಷ್ಟೇ ನಡೆದ ಘಟನೆಯಾದರೆ ಯಾರೂ ಇನ್ನೂ ಪರಿಶೀಲಿಸಿಯೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ತಿದ್ದಿ ಬರೆಯಲು ಸಾಮಗ್ರಿಯಿಲ್ಲ. ಪೋಸ್ಟ್ ತೆಗೆದು, ‘ಇದಕ್ಕೆ ಆಧಾರ ಹುಡುಕಿದೆ, ಇಷ್ಟು ಹೊತ್ತಿನವರೆಗೆ ಸಿಗಲಿಲ್ಲ, ತೆಗೆದಿದ್ದೇನೆ’ ಎಂದು ದಿನಾಂಕ, ಗಂಟೆಯ ಸಮೇತ ಬರೆದರೆ ಸಾಕು. ಅಲ್ಲಿ ಹೇಳಿಕೆಯನ್ನು ಮತ್ತೊಮ್ಮೆ ಬರೆಯಬೇಕಾಗಿಲ್ಲ. ಮೊದಲು ಓದಿದವರಿಗೆ ಯಾವುದೆಂದು ಗೊತ್ತಿರುತ್ತದೆ, ಓದದವರಿಗೆ ಗೊತ್ತಾಗುವುದು ಬೇಡ.